ಅರಿಸ್ಟಾಟಲ್ ಹೇಳಿದ ಒಳ್ಳೆಯ ಬಾಳು, ಮನುಷ್ಯನ ಕೆಲಸ, ಧೈರ್ಯದ ಹದ: ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಸ್ಟಾಟಲ್ (ಕ್ರಿ.ಪೂ. 384–322) ಬರೆದ ‘ನಿಕೊಮಾಕಿಯನ್ ಎಥಿಕ್ಸ್’ ಓದಲು ಶುರು ಮಾಡಿದವರು ಹೆಚ್ಚುಕಡಿಮೆ ಒಂದೇ ಜಾಗಗಳಲ್ಲಿ ಎಡವುತ್ತಾರೆ. ಮೊದಲನೇ ಪುಸ್ತಕದ ಏಳನೇ ಅಧ್ಯಾಯದಲ್ಲಿ ‘ಮನುಷ್ಯನ ಕೆಲಸ’ದ ವಾದ ಬರುತ್ತದೆ, ಎರಡನೇ ಪುಸ್ತಕದಲ್ಲಿ ‘ಹದ’ದ ಮಾತು ಬರುತ್ತದೆ, ಮೂರನೆಯದರಲ್ಲಿ ಧೈರ್ಯದ ವಿಚಾರ. ಈ ಮೂರನ್ನೂ ಬೇರೆ ಬೇರೆ ಪಾಠಗಳಂತೆ ಓದಿದರೆ ಏನೋ ಕೈತಪ್ಪಿ ಹೋಗುತ್ತದೆ. ಧೈರ್ಯದ ಅಧ್ಯಾಯ ಓದಿದ ಮೇಲೇ ಮೊದಲಿನ ವಾದಕ್ಕೆ ಎಷ್ಟು ಬಲ ಇದೆ, ಎಲ್ಲಿ ಬಿರುಕು ಇದೆ ಅಂತ ಗೊತ್ತಾಗುವುದು. ಅದಕ್ಕೇ ಇಲ್ಲಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದೇನೆ.

ಯೂಡೈಮೋನಿಯಾ ಅಂದರೆ ಖುಷಿಯಾಗಿರುವುದಾ?

ಅಲ್ಲ. ಖುಷಿ ಬೆಳಿಗ್ಗೆ ಇದ್ದು ಸಂಜೆಗೆ ಹೋಗಬಹುದು. ಈ ಗ್ರೀಕ್ ಪದ ಬಳಸಿ ಅರಿಸ್ಟಾಟಲ್ ಮಾತಾಡುತ್ತಿರುವುದು ಇಡೀ ಬದುಕಿನ ಬಗ್ಗೆ. ಒಬ್ಬರ ಬಾಳನ್ನು ನೋಡಿ ‘ಚೆನ್ನಾಗಿ ಬಾಳಿದರು’ ಅಂತೀವಲ್ಲ, ಆ ಅರ್ಥಕ್ಕೆ ಅದು ಹತ್ತಿರ.

ಅವನು ಶುರು ಮಾಡುವುದು ಸರಳವಾದ ಒಂದು ವಿಷಯದಿಂದ. ನಾವು ಏನೇ ಮಾಡಿದರೂ ಯಾವುದೋ ಒಂದಕ್ಕಾಗಿ ಮಾಡುತ್ತೇವೆ, ಅದನ್ನು ಇನ್ನೊಂದಕ್ಕಾಗಿ. ಈ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಬೇಕು, ಇಲ್ಲದಿದ್ದರೆ ಬಯಕೆಗೆ ಬುಡವೇ ಇರುವುದಿಲ್ಲ. ನಿಲ್ಲುವ ಜಾಗಕ್ಕೆ ಎಲ್ಲರೂ ಇಟ್ಟಿರುವ ಹೆಸರು ಯೂಡೈಮೋನಿಯಾ. ಹೆಸರಿನಲ್ಲಿ ಜಗಳ ಇಲ್ಲ, ಅದು ಏನು ಅನ್ನುವುದರಲ್ಲಿ ಇದೆ. ಕೆಲವರು ಭೋಗ ಅಂತಾರೆ, ಕೆಲವರು ಮಾನ ಮರ್ಯಾದೆ ಅಂತಾರೆ. ಮರ್ಯಾದೆ ಕೊಡುವವರ ಕೈಯಲ್ಲಿರುತ್ತದೆ, ಅವರು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು, ಆದ್ದರಿಂದ ಅದು ಬದುಕಿನ ಗುರಿ ಆಗಲಾರದು ಅನ್ನುವುದು ಅವನ ಉತ್ತರ. ದುಡ್ಡಂತೂ ಯಾವಾಗಲೂ ಬೇರೆ ಯಾವುದಕ್ಕೋ ಬೇಕಾದದ್ದು.

ಹಾಗಾದರೆ ಒಳ್ಳೆಯ ಗುಣ ಇದ್ದರೆ ಸಾಕಾ? ಸಾಲದು. ಒಳ್ಳೆಯ ಗುಣ ಇಟ್ಟುಕೊಂಡು ಜೀವನಪೂರ್ತಿ ನಿದ್ದೆ ಮಾಡಬಹುದು. ಒಲಿಂಪಿಯಾದಲ್ಲಿ ಹೂಮಾಲೆ ಸಿಗುವುದು ಅಲ್ಲಿ ನಿಂತಿರುವ ಅತಿ ಬಲಶಾಲಿಗೆ ಅಲ್ಲ, ಕಣಕ್ಕೆ ಇಳಿದವರಿಗೆ ಅನ್ನುತ್ತಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಒಳ್ಳೆಯ ಬಾಳು ಅನ್ನುವುದು ಒಂದು ಸ್ಥಿತಿ ಅಲ್ಲ, ಮಾಡುವ ಕೆಲಸ.

‘ಮನುಷ್ಯನ ಕೆಲಸ’ದ ವಾದ ನಿಜವಾಗಿ ಹೇಗೆ ನಡೆಯುತ್ತದೆ?

ಇದು ಒಂದೇ ಪುಟದಷ್ಟು ಚಿಕ್ಕದು, ಆದರೆ ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ಕೊಳಲು ಊದುವವನಿಗೆ, ಶಿಲ್ಪಿಗೆ, ಯಾವುದೇ ಕಸುಬಿನವನಿಗೆ ಒಂದು ಕೆಲಸ ಇರುತ್ತದೆ. ಅವನು ‘ಒಳ್ಳೆಯವನು’ ಅನ್ನಿಸಿಕೊಳ್ಳುವುದು ಆ ಕೆಲಸದಲ್ಲೇ. ಬಡಗಿಗೂ ಚಮ್ಮಾರನಿಗೂ ಕೆಲಸ ಇದೆ, ಕಣ್ಣಿಗೆ, ಕೈಗೆ, ಕಾಲಿಗೂ ಇದೆ. ಹಾಗಿರುವಾಗ ಮನುಷ್ಯನಾಗಿ ಮನುಷ್ಯನಿಗೆ ಮಾತ್ರ ಏನೂ ಕೆಲಸ ಇಲ್ಲವಾ ಅಂತ ಕೇಳುತ್ತಾನೆ.

ಇರುವುದಾದರೆ ಅದು ಯಾವುದು? ಉಣ್ಣುವುದು, ಬೆಳೆಯುವುದು ಗಿಡಕ್ಕೂ ಇದೆ. ನೋಡುವುದು, ಕೇಳುವುದು, ನೋವು ತಿಳಿಯುವುದು ಕುದುರೆಗೂ ಎತ್ತಿಗೂ ಇದೆ. ಉಳಿಯುವುದು ವಿವೇಚನೆ ಇರುವ ಭಾಗ ನಡೆಸುವ ಬದುಕು. ಇಲ್ಲಿ ಅವನು ಮೆಲ್ಲಗೆ ಒಂದು ಮಾತು ಸೇರಿಸುತ್ತಾನೆ, ಬಹಳ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ವಿವೇಚನೆ ಇರುವ ಭಾಗ ಎರಡು ಬಗೆಯದು. ಒಂದು ತಾನೇ ಯೋಚಿಸುತ್ತದೆ, ಇನ್ನೊಂದು ಯೋಚನೆಯ ಮಾತು ಕೇಳುತ್ತದೆ. ಕೋಪ, ಭಯ, ಆಸೆ ಇವೆಲ್ಲ ಎರಡನೆಯ ಪಾಲಿಗೆ ಸೇರಿದವು.

ಕೊನೆಯ ಹೆಜ್ಜೆ: ಲೈರ್ ವಾದ್ಯ ನುಡಿಸುವವನ ಕೆಲಸ ಅದನ್ನು ನುಡಿಸುವುದು, ಒಳ್ಳೆಯ ವಾದಕನ ಕೆಲಸ ಅದನ್ನೇ ಚೆನ್ನಾಗಿ ನುಡಿಸುವುದು. ಹಾಗೇ ಮನುಷ್ಯನಿಗೆ ಒಳಿತು ಅಂದರೆ ವಿವೇಚನೆಯ ಈ ಚಟುವಟಿಕೆಯನ್ನು ಒಳ್ಳೆಯ ಗುಣದ ಪ್ರಕಾರ ನಡೆಸುವುದು, ಅದೂ ಪೂರ್ತಿ ಬದುಕಿನಲ್ಲಿ. ಒಂದು ಬಾನಕ್ಕಿ ಬಂದ ಮಾತ್ರಕ್ಕೆ ವಸಂತ ಬರುವುದಿಲ್ಲ ಅನ್ನುವ ಹೆಸರಾದ ಮಾತು ಬರುವುದು ಇಲ್ಲೇ.

ಈ ವಾದ ಪೂರ್ತಿ ಅವನ ಸ್ವಂತದ್ದಲ್ಲ. ಪ್ಲೇಟೊನ ‘ರಿಪಬ್ಲಿಕ್’ ಮೊದಲನೇ ಪುಸ್ತಕದ ಕೊನೆಯಲ್ಲಿ ಸಾಕ್ರಟೀಸ್ ಇದೇ ದಾರಿಯಲ್ಲಿ ತನ್ನ ಎದುರು ವಾದಿಸುತ್ತಿದ್ದ ತ್ರಾಸಿಮಾಕಸ್‌ನನ್ನು ಕಟ್ಟಿಹಾಕುತ್ತಾನೆ. ಅಲ್ಲಿ ಉದಾಹರಣೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕುಡುಗೋಲು. ಬಳ್ಳಿಯನ್ನು ಬೇರೆ ಚಾಕುವಿನಿಂದಲೂ ಕತ್ತರಿಸಬಹುದು, ಆದರೆ ಅದಕ್ಕೆಂದೇ ಮಾಡಿದ ಕುಡುಗೋಲಿನಷ್ಟು ಚೆನ್ನಾಗಿ ಆಗುವುದಿಲ್ಲ.

ಕುಡುಗೋಲನ್ನು ಯಾರೋ ಒಂದು ಉದ್ದೇಶಕ್ಕೆ ಮಾಡಿದರು. ಮನುಷ್ಯನನ್ನು ಯಾರು ಮಾಡಿದರು?

ಅರಿಸ್ಟಾಟಲ್‌ಗೆ ಮಾಡಿದವರು ಬೇಕಾಗಿಲ್ಲ. ಕಣ್ಣಿನ ವಿಷಯ ನೋಡಿ. ನೋಟ ಹೋದ ಕಣ್ಣು ಹೆಸರಿಗಷ್ಟೇ ಕಣ್ಣು, ಕಲ್ಲಿನ ವಿಗ್ರಹದ ಕಣ್ಣಿನ ಹಾಗೆ ಅಂತ ಅವನು ಬೇರೆ ಕಡೆ ಬರೆಯುತ್ತಾನೆ. ಅಂದರೆ ಒಂದು ವಸ್ತುವಿನ ಕೆಲಸ ಅದರ ಮೇಲೆ ಹೊರಗಿನಿಂದ ಹೇರಿದ ಹೊಣೆ ಅಲ್ಲ, ಅದನ್ನು ಅದಾಗಿ ಮಾಡುವ ಚಟುವಟಿಕೆ. ಸೃಷ್ಟಿಕರ್ತನನ್ನು ನಂಬದವರೂ ಹೃದಯದ ಕೆಲಸ ರಕ್ತ ತಳ್ಳುವುದು ಅಂತ ಒಪ್ಪುತ್ತಾರಲ್ಲ, ಹಾಗೆ.

ಮನುಷ್ಯ ಮಾತ್ರ ಮಾಡುವ ಕೆಟ್ಟ ಕೆಲಸಗಳೂ ಇವೆಯಲ್ಲ?

ಇವೆ, ಮತ್ತು ಇದು ಗಟ್ಟಿಯಾದ ಆಕ್ಷೇಪ. ಬ್ರಿಟಿಷ್ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ ಇದನ್ನು ಚೆನ್ನಾಗಿ ಇಟ್ಟರು: ಬೆಂಕಿ ಹೊತ್ತಿಸುವುದು, ಪರಿಸರ ಹಾಳು ಮಾಡುವುದು, ಮೋಜಿಗಾಗಿ ಕೊಲ್ಲುವುದು ಇವೂ ಮನುಷ್ಯನಿಗೇ ವಿಶೇಷ. ‘ಬೇರೆ ಪ್ರಾಣಿಗಳಿಗೆ ಇಲ್ಲದ್ದು’ ಅನ್ನುವುದೊಂದೇ ಅಳತೆ ಆದರೆ ಇವನ್ನೆಲ್ಲ ಬಿಡುವುದು ಯಾವ ನ್ಯಾಯ?

ನನ್ನ ಮಟ್ಟಿಗೆ ಉತ್ತರ ಇರುವುದು ‘ಮಾತು ಕೇಳುವ ಭಾಗ’ದಲ್ಲಿ. ವಿವೇಚನೆ ಅನ್ನುವುದು ಗಿಡದ ಬದುಕು, ಎತ್ತಿನ ಬದುಕು, ಅದರ ಮೇಲೆ ಇನ್ನೊಂದು ಅಂತಸ್ತು ಅಂತ ಕಟ್ಟಿದ್ದಲ್ಲ. ಅದು ಕೆಳಗಿನದನ್ನೂ ಬದಲಿಸುತ್ತದೆ. ಜಿಂಕೆ ಹೆದರಿದರೆ ಓಡುತ್ತದೆ, ಅಷ್ಟೇ. ಮನುಷ್ಯ ಹೆದರಿದಾಗ ಈ ಭಯ ಸರಿಯಾ, ಇಷ್ಟು ಹೆದರಬೇಕಾ, ಯಾರಿಗಾಗಿ ನಿಲ್ಲಬೇಕು ಅನ್ನುವ ಪ್ರಶ್ನೆಗಳು ಭಯದ ಒಳಗೇ ಇರುತ್ತವೆ. ಬೆಂಕಿ ಹೊತ್ತಿಸುವುದು ನೂರು ಕೆಲಸಗಳಲ್ಲಿ ಒಂದು. ವಿವೇಚನೆ ನೂರೂ ಕೆಲಸ ಮಾಡುವ ರೀತಿ. ಹೀಗೆ ಓದಿದರೆ ವಿಲಿಯಮ್ಸ್ ಆಕ್ಷೇಪದ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧ ಇಳಿಯುವುದಿಲ್ಲ, ಯಾಕಂದರೆ ಅದೇ ವಿವೇಚನೆಯಿಂದ ಜಾಣ ಮೋಸಗಾರನೂ ಚೆನ್ನಾಗಿ ಲೆಕ್ಕ ಹಾಕುತ್ತಾನೆ. ಅವನು ಯಾಕೆ ಚೆನ್ನಾಗಿ ಬಾಳುತ್ತಿಲ್ಲ ಅನ್ನುವುದಕ್ಕೆ ಈ ಒಂದು ಪುಟದಲ್ಲಿ ಉತ್ತರ ಇಲ್ಲ. ಅರಿಸ್ಟಾಟಲ್ ಕೂಡ ಇದನ್ನು ಬರೀ ರೇಖಾಚಿತ್ರ, ವಿವರ ಆಮೇಲೆ ತುಂಬಬೇಕು ಅಂತಲೇ ಹೇಳುತ್ತಾನೆ.

ಇದು ನಮ್ಮ ಸ್ವಧರ್ಮದ ಮಾತಿನ ಹಾಗೇ ಅಲ್ವಾ?

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಸ್ವಧರ್ಮದ ಮಾತು ಬರುವುದು ಒಬ್ಬ ಯಾವ ವರ್ಣದವನು, ಯಾವ ಸ್ಥಾನದಲ್ಲಿದ್ದಾನೆ ಅನ್ನುವುದರ ಮೇಲೆ. ಅರಿಸ್ಟಾಟಲ್ ಬಡಗಿ, ಚಮ್ಮಾರರ ಹೆಸರು ಎತ್ತುವುದೇ ಅವರನ್ನು ಬದಿಗಿಟ್ಟು ಕಸುಬು ಕಳೆದ ಮೇಲೆ ಉಳಿಯುವ ಮನುಷ್ಯನನ್ನು ಹುಡುಕಲು. ಹಾಗಂತ ಅವನು ಎಲ್ಲರನ್ನೂ ಸಮ ಅಂದುಕೊಂಡಿದ್ದ ಅಂತಲ್ಲ, ಆ ವಿಷಯ ಕೆಳಗೆ ಬರುತ್ತದೆ.

ಹದ ಅಂದರೆ ಎಲ್ಲದರಲ್ಲೂ ಅರ್ಧರ್ಧನಾ?

ಇದು ಅತಿ ಹೆಚ್ಚು ಕೇಳುವ ಪ್ರಶ್ನೆ, ಮತ್ತು ಅತಿ ಹೆಚ್ಚು ತಪ್ಪು ತಿಳಿದಿರುವ ಜಾಗ. ಸ್ವಲ್ಪ ಸಿಟ್ಟು, ಸ್ವಲ್ಪ ಭಯ, ಎಲ್ಲ ಮಿತವಾಗಿ ಇರಲಿ ಅಂತ ಅವನು ಹೇಳಿದ ಅಂದುಕೊಳ್ಳುತ್ತಾರೆ. ಹೇಳಿಲ್ಲ.

ಅವನ ಉದಾಹರಣೆ ಊಟದ್ದು. ಒಬ್ಬ ಪಟುವಿಗೆ 10 ಮಿನಾ ತೂಕದ ಊಟ ಜಾಸ್ತಿ, 2 ಮಿನಾ ಕಡಿಮೆ ಅಂತ ಇಟ್ಟುಕೊಳ್ಳಿ. ಹಾಗಂತ ತರಬೇತಿ ಕೊಡುವವನು 6 ಮಿನಾ ಬಡಿಸಿಬಿಡುವುದಿಲ್ಲ. ಲೆಕ್ಕದ ಪ್ರಕಾರ ಆರು ನಡುವೆ ಇರಬಹುದು, ಆದರೆ ಕ್ರೋಟನ್ ಊರಿನ ಕುಸ್ತಿಪಟು ಮೈಲೊಗೆ ಅದು ಕಮ್ಮಿ, ಈಗಷ್ಟೇ ಗರಡಿಗೆ ಬಂದವನಿಗೆ ಜಾಸ್ತಿ. ಹಾಗಾಗಿ ಹದ ಇರುವುದು ‘ನಮ್ಮ ಮಟ್ಟಿಗೆ’. ದೋಸೆ ಹಂಚು ಕಾಯುವ ಹದವೂ ತಣ್ಣಗಿನದಕ್ಕೂ ಕೆಂಡಕ್ಕೂ ಸರಿಯಾಗಿ ಮಧ್ಯದಲ್ಲಿ ಇರುವುದಿಲ್ಲವಲ್ಲ.

‘ನಮ್ಮ ಮಟ್ಟಿಗೆ’ ಅಂದ ಕೂಡಲೇ ಅವರವರಿಗೆ ತೋಚಿದ್ದೇ ಸರಿ ಅಂತಲೂ ಆಗುವುದಿಲ್ಲ. ಮೈಲೊಗೆ ಎಷ್ಟು ಬೇಕು ಅನ್ನುವುದಕ್ಕೆ ಸರಿ ಉತ್ತರ ಇದೆ, ತಪ್ಪು ಉತ್ತರಗಳೂ ಇವೆ. ಅದನ್ನು ತೀರ್ಮಾನಿಸುವುದು ವಿವೇಕಿ ತೀರ್ಮಾನಿಸುವ ಹಾಗೆ, ವಿವೇಚನೆಯಿಂದ ಅಂತ ಅವನ ವ್ಯಾಖ್ಯೆಯಲ್ಲೇ ಇದೆ. ಭಯಪಡುವುದು, ಸಿಟ್ಟಾಗುವುದು ಸರಿಯಾದ ಹೊತ್ತಿನಲ್ಲಿ, ಸರಿಯಾದ ವಿಷಯಕ್ಕೆ, ಸರಿಯಾದ ಜನರ ಮೇಲೆ, ಸರಿಯಾದ ಕಾರಣಕ್ಕೆ, ಸರಿಯಾದ ರೀತಿಯಲ್ಲಿ ಇರಬೇಕು. ಕೆಲವೊಮ್ಮೆ ಹದ ಅಂದರೆ ವಿಪರೀತ ಸಿಟ್ಟಾಗುವುದೇ. ಕೊಲೆ, ಕಳ್ಳತನ, ವ್ಯಭಿಚಾರಕ್ಕಂತೂ ಹದವೇ ಇಲ್ಲ, ಅವು ಹೆಸರಿನಲ್ಲೇ ಕೆಟ್ಟವು.

ಬುದ್ಧನ ಮಧ್ಯಮ ಮಾರ್ಗವೂ ಇದೇನಾ?

ಅಲ್ಲ. ಬುದ್ಧ ಬಿಡಬೇಕು ಅಂದ ಎರಡು ತುದಿಗಳು ಭೋಗದಲ್ಲಿ ಮುಳುಗುವುದು ಮತ್ತು ಮೈಯನ್ನು ದಂಡಿಸುವುದು, ಗುರಿ ದುಃಖದ ಕೊನೆ. ಅರಿಸ್ಟಾಟಲ್‌ನಲ್ಲಿ ಪ್ರತಿ ಗುಣಕ್ಕೂ ಅದರದೇ ಎರಡು ತುದಿಗಳಿವೆ, ಗುರಿ ಈ ಲೋಕದಲ್ಲೇ ಚೆನ್ನಾಗಿ ಬಾಳುವುದು.

ಧೈರ್ಯದ ಎರಡು ತುದಿಗಳು ಯಾವುವು?

ಹೇಡಿತನ ಮತ್ತು ಹುಂಬತನ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಮೂಲದಲ್ಲಿ ವಿಷಯ ಇಷ್ಟು ನೇರ ಇಲ್ಲ. ಧೈರ್ಯದಲ್ಲಿ ಎರಡು ಭಾವಗಳ ಲೆಕ್ಕ ಇದೆ: ಭಯ ಒಂದು, ‘ನಾನು ಗೆಲ್ಲುತ್ತೇನೆ’ ಅನ್ನುವ ಭರವಸೆ ಇನ್ನೊಂದು. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಭಯ ಕಡಿಮೆ ಇದ್ದವನಿಗೆ ಭರವಸೆ ಜಾಸ್ತಿ ಇರಲೇಬೇಕು ಅಂತೇನಿಲ್ಲ. ಸೋಲು ಖಚಿತ ಅಂತ ಗೊತ್ತಿದ್ದೂ ಹೆದರದವರು ಇರುತ್ತಾರೆ.

ಭಯವೇ ಇಲ್ಲದವನಿಗೆ ಹೆಸರೇ ಇಲ್ಲ ಅನ್ನುತ್ತಾನೆ ಅರಿಸ್ಟಾಟಲ್. ಭೂಕಂಪಕ್ಕೂ ಅಲೆಗಳಿಗೂ ಹೆದರದವನು, ಕೆಲ್ಟ್ ಜನರ ಬಗ್ಗೆ ಹಾಗೆ ಹೇಳುತ್ತಾರೆ, ಒಂದೋ ಹುಚ್ಚ ಇಲ್ಲವೇ ನೋವೇ ತಿಳಿಯದವನು. ಭರವಸೆ ಅತಿಯಾದವನು ಹುಂಬ. ಇವನನ್ನು ಗುರುತಿಸುವುದು ಹೇಗೆ ಅಂತಲೂ ಹೇಳಿದ್ದಾನೆ, ಇದು ನನಗೆ ಬಹಳ ಇಷ್ಟವಾದ ಸಾಲು: ಹುಂಬರು ಅಪಾಯ ಬರುವ ಮುಂಚೆ ಮುನ್ನುಗ್ಗುತ್ತಾರೆ, ಅಪಾಯದ ಒಳಗೆ ಬಂದಾಗ ಹಿಂದೆ ಸರಿಯುತ್ತಾರೆ. ಧೈರ್ಯವಂತರು ಮುಂಚೆ ಸುಮ್ನೆ ಇರುತ್ತಾರೆ, ಕೆಲಸದ ಹೊತ್ತಿಗೆ ಚುರುಕಾಗುತ್ತಾರೆ. ಹುಂಬರಲ್ಲಿ ಹೆಚ್ಚಿನವರು ಒಳಗೆ ಪುಕ್ಕಲರು, ಧೈರ್ಯವಂತರ ವೇಷ ಹಾಕಿದವರು.

ಎರಡು ತುದಿಗಳೂ ಹದದಿಂದ ಸಮದೂರದಲ್ಲಿಲ್ಲ. ಹೇಡಿತನ ಧೈರ್ಯಕ್ಕೆ ಹೆಚ್ಚು ದೂರ, ಹುಂಬತನ ಹತ್ತಿರ. ಅದಕ್ಕೇ ಅವನ ಸಲಹೆ: ಯಾವ ತುದಿ ಹೆಚ್ಚು ದೂರವೋ, ಯಾವ ಕಡೆ ನಾವು ತಾನಾಗೇ ವಾಲುತ್ತೇವೋ ಅದರಿಂದ ಇನ್ನೊಂದು ಕಡೆಗೆ ಎಳೆದುಕೊಳ್ಳಿ, ಸೊಟ್ಟಗಾದ ಮರವನ್ನು ಎದುರು ದಿಕ್ಕಿಗೆ ಬಗ್ಗಿಸಿ ನೇರ ಮಾಡುವ ಹಾಗೆ.

ಒಂದು ನಿಜವಾದ ಪ್ರಕರಣದಲ್ಲಿ ಇದನ್ನು ಹಚ್ಚಿ ತೋರಿಸಬಹುದಾ?

ಸ್ಪಾರ್ಟಾದ ಅರಿಸ್ಟೊಡೆಮಸ್‌ನ ಕಥೆ ತೆಗೆದುಕೊಳ್ಳೋಣ. ಹೇಳಿದವನು ಇತಿಹಾಸಕಾರ ಹೆರೊಡೊಟಸ್. ಧೈರ್ಯದ ಅಧ್ಯಾಯದಲ್ಲಿ ಅರಿಸ್ಟಾಟಲ್ ಈ ಹೆಸರು ಎತ್ತುವುದಿಲ್ಲ, ಹಚ್ಚಿ ನೋಡುತ್ತಿರುವುದು ನಾನು.

ಕ್ರಿ.ಪೂ. 480, ಗ್ರೀಸ್ ದೇಶದ ಥರ್ಮಾಪಿಲೆ ಕಣಿವೆ. ದಂಡೆತ್ತಿ ಬಂದ ಪರ್ಷಿಯನ್ನರನ್ನು ಗ್ರೀಕರು ಅಲ್ಲಿ ತಡೆದು ನಿಂತಿದ್ದರು. ಲಿಯೊನಿಡಾಸ್ ದೊರೆಯ 300 ಜನರಲ್ಲಿ ಇಬ್ಬರಿಗೆ, ಯೂರಿಟಸ್ ಮತ್ತು ಅರಿಸ್ಟೊಡೆಮಸ್‌ಗೆ, ಜೋರು ಕಣ್ಣುಬೇನೆ. ದೊರೆಯೇ ಅವರನ್ನು ದಂಡಿನಿಂದ ಬಿಡಿಸಿ ಹತ್ತಿರದ ಅಲ್ಪೆನಿ ಅನ್ನುವ ಹಳ್ಳಿಗೆ ಕಳಿಸಿದ್ದ. ಪರ್ಷಿಯನ್ನರು ಬೆಟ್ಟ ಬಳಸಿ ಹಿಂದಿನಿಂದ ಬಂದರು ಅನ್ನುವ ಸುದ್ದಿ ಬಂತು. ಯೂರಿಟಸ್ ತನ್ನ ಕವಚ ಕೇಳಿ ಹಾಕಿಕೊಂಡ, ಕಣ್ಣು ಕಾಣದಿದ್ದರಿಂದ ಯುದ್ಧದ ಕಡೆ ಕೈಹಿಡಿದು ಕರೆದುಕೊಂಡು ಹೋಗು ಅಂತ ತನ್ನ ಆಳಿಗೆ ಹೇಳಿದ. ಆಳು ಅಲ್ಲಿಗೆ ತಲುಪಿಸಿ ಓಡಿಹೋದ. ಯೂರಿಟಸ್ ಗುಂಪಿನೊಳಗೆ ನುಗ್ಗಿ ಸತ್ತ. ಅರಿಸ್ಟೊಡೆಮಸ್‌ಗೆ ಎದೆ ಕುಸಿಯಿತು, ಹಿಂದೆ ಉಳಿದ.

ಊರಿಗೆ ಬಂದ ಮೇಲೆ ಅವನಿಗೆ ಯಾರೂ ಒಲೆ ಹಚ್ಚಲು ಬೆಂಕಿ ಕೊಡಲಿಲ್ಲ, ಮಾತಾಡಿಸಲಿಲ್ಲ. ‘ನಡುಗುವ ಅರಿಸ್ಟೊಡೆಮಸ್’ ಅಂತ ಹೆಸರಿಟ್ಟರು. ಇಬ್ಬರೂ ಒಟ್ಟಿಗೆ ವಾಪಸ್ ಬಂದಿದ್ದರೆ ಸ್ಪಾರ್ಟಾದವರು ಸಿಟ್ಟಾಗುತ್ತಿರಲಿಲ್ಲ ಅನ್ನುತ್ತಾನೆ ಹೆರೊಡೊಟಸ್. ಒಬ್ಬ ಹೋಗಿ ಸತ್ತದ್ದರಿಂದ ಇನ್ನೊಬ್ಬನ ನೆಪ ಬಯಲಾಯಿತು.

ಮರುವರ್ಷ, 479ರಲ್ಲಿ, ಅದೇ ಪರ್ಷಿಯನ್ನರ ಜೊತೆ ಪ್ಲಟೇಯಾ ಯುದ್ಧ. ಅಲ್ಲಿ ಅರಿಸ್ಟೊಡೆಮಸ್ ಸಾಲು ಬಿಟ್ಟು ಮುಂದೆ ನುಗ್ಗಿ, ಉನ್ಮಾದದಲ್ಲಿ ಹೋರಾಡಿ ಸತ್ತ. ಹೆರೊಡೊಟಸ್ ಪ್ರಕಾರ ಅಂದು ಎಲ್ಲರಿಗಿಂತ ಚೆನ್ನಾಗಿ ಕಾದಿದವನು ಅವನೇ. ಆದರೆ ಸ್ಪಾರ್ಟಾದವರು ಕೂತು ಮಾತಾಡಿದಾಗ ಬೇರೆ ತೀರ್ಪು ಕೊಟ್ಟರು: ಅವನು ತನ್ನ ಮೇಲಿದ್ದ ಅಪವಾದದಿಂದ ಸಾಯಬೇಕು ಅಂತಲೇ ಹೋದವನು, ಅದೇ ಯುದ್ಧದಲ್ಲಿ ಕಾದಿದ ಇನ್ನೊಬ್ಬ ಸ್ಪಾರ್ಟಾ ಯೋಧ ಪೊಸಿಡೋನಿಯಸ್‌ಗೆ ಸಾಯುವ ಇಷ್ಟ ಇರಲಿಲ್ಲ, ಆದರೂ ಚೆನ್ನಾಗಿ ಹೋರಾಡಿದ, ಅಷ್ಟರ ಮಟ್ಟಿಗೆ ಅವನೇ ಮೇಲು. ಅರಿಸ್ಟೊಡೆಮಸ್‌ಗೆ ಗೌರವ ಸಿಗಲಿಲ್ಲ. ಇದು ಅವರು ಹೊಟ್ಟೆಕಿಚ್ಚಿಗೆ ಹೇಳಿದ್ದೂ ಇರಬಹುದು ಅಂತ ಹೆರೊಡೊಟಸ್ ಸೇರಿಸುತ್ತಾನೆ.

ಈಗ ಹದದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಥರ್ಮಾಪಿಲೆಯಲ್ಲಿ ಅರಿಸ್ಟೊಡೆಮಸ್ ಹಿಂದೆ ಉಳಿದದ್ದು ಹೇಡಿತನವಾ? ಕಣ್ಣು ಕಾಣದವನು ಉಳಿಯುವುದು ತಾನೇ ತಪ್ಪಲ್ಲ, ದೊರೆಯೇ ಬಿಟ್ಟುಕೊಟ್ಟಿದ್ದ. ತಪ್ಪು ಇದ್ದರೆ ಅದು ಉಳಿದ ಕಾರಣದಲ್ಲಿ ಇದೆ: ಯೋಚಿಸಿ ಉಳಿದದ್ದಲ್ಲ, ಎದೆ ಕುಸಿದು ಉಳಿದದ್ದು. ಹೊರಗಿನಿಂದ ನೋಡಿದರೆ ವಿವೇಕಿಯೂ ಹೇಡಿಯೂ ಮಾಡುವುದು ಅದನ್ನೇ ಆಗಿರಬಹುದು, ಒಳಗಿನ ನಡೆ ಬೇರೆ.

ಪ್ಲಟೇಯಾದಲ್ಲಿ ನುಗ್ಗಿದ್ದು? ಇಲ್ಲಿ ಯುದ್ಧದ ರೀತಿ ಸ್ವಲ್ಪ ತಿಳಿದಿರಬೇಕು. ಗ್ರೀಕ್ ಕಾಲಾಳುಗಳು ಭುಜಕ್ಕೆ ಭುಜ ಹಚ್ಚಿ ಸಾಲಾಗಿ ನಿಲ್ಲುತ್ತಿದ್ದರು. ಗುರಾಣಿ ಎಡಗೈಯಲ್ಲಿ, ಅದರ ಒಂದು ಭಾಗ ಎಡಗಡೆ ನಿಂತವನ ಬಲ ಮೈಯನ್ನು ಮುಚ್ಚುತ್ತದೆ. ಒಬ್ಬ ಸಾಲು ಬಿಟ್ಟರೆ ಪಕ್ಕದವನ ಮೈ ಬಯಲಾಗುತ್ತದೆ. ಅಂದರೆ ಅವನ ‘ಪರಾಕ್ರಮ’ದ ಬೆಲೆಯನ್ನು ಇನ್ನೊಬ್ಬ ತೆರಬೇಕಾಗಿತ್ತು. ರೀತಿ ತಪ್ಪು. ಕಾರಣವೂ ತಪ್ಪು: ಬಡತನದಿಂದಲೋ ಪ್ರೇಮದಿಂದಲೋ ಯಾವುದೋ ನೋವಿನಿಂದಲೋ ತಪ್ಪಿಸಿಕೊಳ್ಳಲು ಸಾಯುವುದು ಧೈರ್ಯವಲ್ಲ, ಹೇಡಿತನವೇ ಅಂತ ಅರಿಸ್ಟಾಟಲ್ ನೇರವಾಗಿ ಬರೆದಿದ್ದಾನೆ. ಅವಮಾನದ ನೋವು ತಾಳಲಾರದೆ ಸಾವನ್ನು ಹುಡುಕಿಕೊಂಡು ಹೋದವನು ಈ ಲೆಕ್ಕದಲ್ಲಿ ಮೊದಲ ಸಲ ಯಾವ ತುದಿಯಲ್ಲಿದ್ದನೋ ಅದರ ಹತ್ತಿರಕ್ಕೇ, ಇನ್ನೊಂದು ದಾರಿಯಿಂದ ಬಂದು ಸೇರುತ್ತಾನೆ. ಭಯ ಕಡಿಮೆಯಾಗಿದ್ದು ಅವನು ಅದನ್ನು ಹದಕ್ಕೆ ತಂದದ್ದರಿಂದ ಅಲ್ಲ, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ ಅನ್ನುವುದರಿಂದ.

ಪೊಸಿಡೋನಿಯಸ್ ಬದುಕಲು ಬಯಸಿದ, ಸಾಲಿನಲ್ಲಿ ನಿಂತ, ನಿಲ್ಲಬೇಕಾದದ್ದಕ್ಕಾಗಿ ನಿಂತ. ಹದ ಅವನದ್ದು. ಅವನು ಇಬ್ಬರ ನಡುವೆ ಎಲ್ಲೋ ಅಳತೆ ಮಾಡಿ ನಿಂತಿರಲಿಲ್ಲ ಅನ್ನುವುದನ್ನು ಗಮನಿಸಿ. ಪೂರ್ತಿ ಮನಸ್ಸಿಟ್ಟೇ ಕಾದಿದ.

ಯೂರಿಟಸ್ ವಿಷಯದಲ್ಲಿ ಮಾತ್ರ ನನಗೆ ಸುಲಭದ ತೀರ್ಪು ಸಿಗುವುದಿಲ್ಲ. ಕಣ್ಣು ಕಾಣದವನು ಯುದ್ಧಕ್ಕೆ ಏನು ಉಪಯೋಗ ಅಂತ ಕೇಳಿದರೆ ಅದು ಹುಂಬತನ. ಆದರೆ ಸುತ್ತಲಿನವರೆಲ್ಲ ಸಾಯಲಿರುವ ಕೊನೆಯ ದಿನ, ಗೆಲುವಿನ ಲೆಕ್ಕವೇ ಮುಗಿದಿರುವಾಗ, ಜೊತೆಗಾರರ ಪಕ್ಕ ನಿಲ್ಲುವುದೇ ಉಳಿದ ಏಕೈಕ ಕೆಲಸ ಅಂತ ತಿಳಿದು ಹೋಗಿದ್ದರೆ ಅದು ಹದವೇ. ಇಂಥ ಕಡೆ ಹದದ ಸಿದ್ಧಾಂತ ಉತ್ತರ ಕೊಡುವುದಿಲ್ಲ, ಯಾವ ಪ್ರಶ್ನೆಗಳನ್ನು ಕೇಳಬೇಕು ಅಂತ ತಿಳಿಸುತ್ತದೆ. ತೀರ್ಮಾನ ವಿವರಗಳನ್ನು ಕಣ್ಣಾರೆ ಕಾಣುವುದರಲ್ಲಿದೆ ಅಂತ ಅವನೂ ಒಪ್ಪುತ್ತಾನೆ.

ಧೈರ್ಯದ ಹಾಗೆ ಕಾಣುವ, ಆದರೆ ಧೈರ್ಯ ಅಲ್ಲದವು ಯಾವುವು?

ಐದನ್ನು ಹೆಸರಿಸುತ್ತಾನೆ. ಮೊದಲನೆಯದು ಊರಿನ ಮರ್ಯಾದೆಗಾಗಿ ನಿಲ್ಲುವುದು. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಟ್ರಾಯ್ ವೀರ ಹೆಕ್ಟರ್ ಕೋಟೆಯೊಳಗೆ ಹೋಗದೆ ನಿಲ್ಲುವುದು ಜೊತೆಗಾರ ಪೊಲಿಡಾಮಸ್ ಮೊದಲು ತನ್ನನ್ನೇ ಹಳಿಯುತ್ತಾನೆ ಅನ್ನುವ ನಾಚಿಕೆಗೆ. ಇದು ನಿಜವಾದ ಧೈರ್ಯಕ್ಕೆ ಬಹಳ ಹತ್ತಿರ. ಸಿಟ್ಟಿನ ಆವೇಶ ಇನ್ನೊಂದು. ಹೊಡೆದರೂ ಮೇವು ಬಿಡದ ಹಸಿದ ಕತ್ತೆಗೂ ಹಾಗಾದರೆ ಧೈರ್ಯ ಇದೆ ಅನ್ನಬೇಕಾಗುತ್ತದೆ. ಕುಡಿದವರಿಗೆ ಬರುವಂಥ ಅತಿ ನಂಬಿಕೆ ಮತ್ತೊಂದು, ಅದು ಅಂದುಕೊಂಡದ್ದು ಕೈಕೊಟ್ಟ ಕೂಡಲೇ ಓಡಿಹೋಗುತ್ತದೆ.

ನಿಂತು ನೋಡಬೇಕಾದವು ಉಳಿದ ಎರಡು. ಒಂದು ಅನುಭವ. ಬಾಡಿಗೆ ಸೈನಿಕರಿಗೆ ಯಾವುದು ಸುಳ್ಳು ಗಾಬರಿ ಅಂತ ಗೊತ್ತು, ಆಯುಧ ಚೆನ್ನಾಗಿ ಬಳಸಲು ಬರುತ್ತದೆ. ಅದಕ್ಕೇ ಧೈರ್ಯವಂತರ ಹಾಗೆ ಕಾಣುತ್ತಾರೆ. ಲೆಕ್ಕ ತಮ್ಮ ವಿರುದ್ಧ ತಿರುಗಿದಾಗ ಮೊದಲು ಓಡುವವರು ಅವರೇ. ಹೆರ್ಮೆಸ್ ದೇವರ ಗುಡಿಯ ಬಳಿ ನಡೆದ ಕಾಳಗದಲ್ಲಿ ಹಾಗೇ ಆಯಿತು, ಊರಿನ ನಾಗರಿಕರು ನಿಂತಲ್ಲೇ ಸತ್ತರು ಅನ್ನುತ್ತಾನೆ.

ಇನ್ನೊಂದು ಅಜ್ಞಾನ. ಸಿಕ್ಯೋನ್ ಊರಿನವರು ಅಂದುಕೊಂಡು ಸ್ಪಾರ್ಟಾದವರ ಮೇಲೆ ಬಿದ್ದ ಆರ್ಗೋಸ್ ಸೈನಿಕರ ಉದಾಹರಣೆಯನ್ನು ಒಂದು ಸಾಲಿನಲ್ಲಿ ಕೊಡುತ್ತಾನೆ. ಇದರ ವಿವರ ಕ್ಸೆನೊಫೋನ್ ಬರೆದ ಇತಿಹಾಸದಲ್ಲಿ ಸಿಗುತ್ತದೆ. ಕ್ರಿ.ಪೂ. 392ರ ಸುಮಾರಿಗೆ ಕೊರಿಂತ್ ಊರಿನ ಉದ್ದ ಗೋಡೆಗಳ ನಡುವೆ ಕಾಳಗ, ಸ್ಪಾರ್ಟಾದ ಜೊತೆ ಸಿಕ್ಯೋನ್ ಊರಿನವರು, ಎದುರಿಗೆ ಆರ್ಗೋಸ್ ಊರಿನವರು. ಸಿಕ್ಯೋನ್‌ನವರು ಸೋಲುತ್ತಿರುವುದನ್ನು ಕಂಡ ಸ್ಪಾರ್ಟಾದ ಕುದುರೆ ದಳದ ನಾಯಕ ಪಸಿಮಾಕಸ್ ಕೆಲವರ ಜೊತೆ ಕುದುರೆ ಇಳಿದು, ಸಿಕ್ಯೋನ್‌ನವರ ಗುರಾಣಿಗಳನ್ನೇ ಎತ್ತಿಕೊಂಡು ಮುಂದೆ ಹೋದ. ಆ ಗುರಾಣಿಗಳ ಮೇಲೆ ಸಿಕ್ಯೋನ್‌ನ ಮೊದಲ ಅಕ್ಷರ ‘ಸಿಗ್ಮಾ’ ಇತ್ತು. ಅದನ್ನು ನೋಡಿದ ಆರ್ಗೋಸ್‌ನವರು ಇವರು ಆ ಮಾಮೂಲಿ ಜನ ಅಂತ ಒಂದಿಷ್ಟೂ ಹೆದರಲಿಲ್ಲ. ಎದುರು ಬರುತ್ತಿರುವವರು ಸ್ಪಾರ್ಟಾದವರು ಅಂತ ತಿಳಿದಿದ್ದರೆ? ಅವರ ‘ಧೈರ್ಯ’ ಇದ್ದದ್ದು ಗುರಾಣಿಯ ಮೇಲಿನ ಒಂದು ಅಕ್ಷರದಲ್ಲಿ. ಅಪಾಯ ಇಷ್ಟು ಅಂತ ಸರಿಯಾಗಿ ತಿಳಿಯದವನ ಭಯವನ್ನು ವಿವೇಚನೆ ಹದಕ್ಕೆ ತರಲಾರದು, ಯಾಕಂದರೆ ಹದಕ್ಕೆ ತರಬೇಕಾದ ಭಯವೇ ಅಲ್ಲಿ ಹುಟ್ಟಿಲ್ಲ. (ಪಸಿಮಾಕಸ್ ಅಲ್ಲೇ ಸತ್ತ. ತನ್ನ ಮುಂದೆ ಎಷ್ಟು ಜನ ಇದ್ದಾರೆ ಅಂತ ಅವನಿಗೆ ಗೊತ್ತಿತ್ತು.)

ನಿಜವಾದದ್ದನ್ನು ಪತ್ತೆ ಹಚ್ಚಲು ಅವನು ಕೊಡುವ ಒಂದು ಗುರುತು: ಮೊದಲೇ ತಿಳಿದಿದ್ದ ಅಪಾಯಕ್ಕಿಂತ ದಿಢೀರ್ ಬಂದ ಅಪಾಯದಲ್ಲಿ ನೋಡಿ. ಮೊದಲೇ ತಿಳಿದಿದ್ದರೆ ಲೆಕ್ಕ ಹಾಕಿಯೂ ನಿಲ್ಲಬಹುದು. ಕಣ್ಣು ಮಿಟುಕಿಸುವುದರೊಳಗೆ ಬಂದದ್ದಕ್ಕೆ ಉತ್ತರ ಕೊಡುವುದು ಗುಣವೇ.

ಹಾಗಾದರೆ ಧೈರ್ಯವಂತನಿಗೆ ಭಯ ಆಗುತ್ತದಾ?

ಆಗುತ್ತದೆ, ಹೆದರಬೇಕಾದದ್ದಕ್ಕೆ ಹೆದರಬೇಕಾದಷ್ಟು. ಅವಮಾನಕ್ಕೆ ಹೆದರದವನು ನಾಚಿಕೆಗೆಟ್ಟವನು ಅನ್ನುತ್ತಾನೆ. ಭಯಪಡುವ ವಿಷಯಗಳಿಗೆ ಅವನೂ ಭಯಪಡುತ್ತಾನೆ, ಆದರೆ ವಿವೇಚನೆ ಹೇಳಿದ ಹಾಗೆ, ಒಳ್ಳೆಯದರ ಸಲುವಾಗಿ ಅವನ್ನು ಎದುರಿಸಿ ನಿಲ್ಲುತ್ತಾನೆ. ಮನುಷ್ಯನ ಕೆಲಸದ ವಾದದಲ್ಲಿ ಬಂದ ‘ಮಾತು ಕೇಳುವ ಭಾಗ’ ಇದೇ. ಆ ವಾದ ಬರೀ ರೇಖೆಯಾಗಿ ಬಿಟ್ಟಿದ್ದು ಇಲ್ಲಿ ಮೈ ತುಂಬಿಕೊಳ್ಳುತ್ತದೆ. ಇದು ಹುಟ್ಟಿನಿಂದ ಬರುವುದಿಲ್ಲ. ಭಯದ ಎದುರು ನಿಂತು ನಿಂತು ಅಭ್ಯಾಸವಾದವರು ಧೈರ್ಯವಂತರಾಗುತ್ತಾರೆ, ಓಡಿ ಓಡಿ ಅಭ್ಯಾಸವಾದವರು ಹೇಡಿಗಳಾಗುತ್ತಾರೆ.

ಯುದ್ಧದಲ್ಲಿ ಮಾತ್ರ ಧೈರ್ಯವಾ? ರೋಗ, ಬಡತನ ಎದುರಿಸುವವರಿಗೆ ಇಲ್ವಾ?

ಇಲ್ಲಿ ಅವನ ನೋಟ ಇಕ್ಕಟ್ಟಾದದ್ದು, ನನಗೆ ಒಪ್ಪಿಗೆ ಇಲ್ಲ. ಪ್ಲೇಟೊನ ‘ಲಾಕೆಸ್’ ಸಂವಾದದಲ್ಲಿ ಸಾಕ್ರಟೀಸ್ ರೋಗದಲ್ಲಿ, ಬಡತನದಲ್ಲಿ, ಕಡಲಿನಲ್ಲಿ, ರಾಜಕೀಯದಲ್ಲಿ, ಆಸೆಗಳ ಎದುರಿನಲ್ಲೂ ಧೈರ್ಯ ಇದೆ ಅಂತ ಬಾಗಿಲು ತೆರೆದಿಟ್ಟಿದ್ದ. ಅರಿಸ್ಟಾಟಲ್ ಅದನ್ನು ಪಕ್ಕಾ ಅರ್ಥದಲ್ಲಿ ಯುದ್ಧದ ಸಾವಿನ ಎದುರಿಗೆ ಸೀಮಿತ ಮಾಡುತ್ತಾನೆ. ಧೈರ್ಯವಂತ ಕಡಲಲ್ಲೂ ರೋಗದಲ್ಲೂ ಅಂಜುವುದಿಲ್ಲ ಅಂತ ಒಪ್ಪಿದರೂ, ಅಲ್ಲಿ ಪರಾಕ್ರಮ ತೋರಿಸಲು ಜಾಗ ಇಲ್ಲ ಅನ್ನುವುದು ಅವನ ಕಾರಣ. ವರ್ಷಗಟ್ಟಲೆ ಕಾಯಿಲೆ ಜೊತೆ ಬದುಕಿ, ಸರಿಯಾದದ್ದಕ್ಕೆ ಹೆದರಿ, ಸರಿಯಾದ ಹೊತ್ತಿಗೆ ಚಿಕಿತ್ಸೆ ನಿಲ್ಲಿಸುವ ತೀರ್ಮಾನವನ್ನೂ ತಾವೇ ತೆಗೆದುಕೊಂಡವರನ್ನು ಹತ್ತಿರದಿಂದ ಕಂಡವರಿಗೆ ಈ ಕಾರಣ ಸಾಲದು. ಅವರಲ್ಲಿ ಭಯ ವಿವೇಚನೆಯ ಮಾತು ಕೇಳುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ‘ಪಾಲಿಟಿಕ್ಸ್’ ಪುಸ್ತಕದಲ್ಲಿದೆ. ಅಲ್ಲಿ ಗಂಡಸಿನ ಧೈರ್ಯ ಆಳುವುದರಲ್ಲಿ, ಹೆಂಗಸಿನದು ವಿಧೇಯತೆಯಲ್ಲಿ ಅನ್ನುತ್ತಾನೆ, ಗುಲಾಮನಿಗೆ ಯೋಚಿಸಿ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುತ್ತಾನೆ. ಕಸುಬುಗಳನ್ನೆಲ್ಲ ಬದಿಗಿಟ್ಟು ಮನುಷ್ಯನ ಕೆಲಸ ಹುಡುಕಿದವನು ಇದನ್ನು ಬರೆಯಬಾರದಿತ್ತು. ಅವನ ವಾದವನ್ನೇ ಅವನ ಈ ಮಾತಿನ ಎದುರು ನಿಲ್ಲಿಸಬೇಕು, ಆಗ ಗೆಲ್ಲುವುದು ವಾದ.

ಯುದ್ಧದಲ್ಲಿ ಸತ್ತವನು ಚೆನ್ನಾಗಿ ಬಾಳಿದ ಅನ್ನುವುದು ಹೇಗೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಒಳ್ಳೆಯ ಮನುಷ್ಯನಾಗಿರುವುದೇ ಆ ಮನುಷ್ಯನಿಗೂ ಒಳ್ಳೆಯದು ಅನ್ನುವುದು ಮೊದಲಿನ ವಾದದ ಗುಟ್ಟು. ಒಳ್ಳೆಯ ವಾದಕ ಚೆನ್ನಾಗಿ ನುಡಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ಒಳ್ಳೆಯ ಸೈನಿಕ ಚೆನ್ನಾಗಿ ನಿಂತರೆ ಬದುಕನ್ನೇ ಕಳೆದುಕೊಳ್ಳಬಹುದು. ಜೊತೆಗೆ, ಚೆನ್ನಾಗಿ ಬಾಳುವುದಕ್ಕೆ ಪೂರ್ತಿ ಬದುಕು ಬೇಕು ಅಂದವನೂ ಅರಿಸ್ಟಾಟಲ್ಲೇ.

ಅವನು ಇದನ್ನು ಮುಚ್ಚಿಡುವುದಿಲ್ಲ, ಅದಕ್ಕೇ ಮೂರನೇ ಪುಸ್ತಕದ ಒಂಬತ್ತನೇ ಅಧ್ಯಾಯ ನನಗೆ ಇಡೀ ಗ್ರಂಥದ ಅತಿ ಪ್ರಾಮಾಣಿಕ ಜಾಗ ಅನಿಸುತ್ತದೆ. ಮುಷ್ಟಿಕಾಳಗದವರನ್ನು ನೋಡಿ ಅನ್ನುತ್ತಾನೆ. ಹೂಮಾಲೆ, ಗೌರವ ಹಿತವಾಗಿವೆ, ಆದರೆ ಮೈಮೇಲೆ ಬೀಳುವ ಏಟು ನೋವೇ, ಎಷ್ಟು ಏಟು ಅಂದರೆ ಗುರಿಯ ಹಿತ ಕಣ್ಣಿಗೇ ಬೀಳುವುದಿಲ್ಲ. ಧೈರ್ಯವಂತನಿಗೂ ಸಾವು, ಗಾಯ ನೋವೇ. ಆಮೇಲೆ ಇನ್ನೂ ಮುಂದೆ ಹೋಗುತ್ತಾನೆ: ಒಬ್ಬ ಎಷ್ಟು ಒಳ್ಳೆಯವನೋ, ಎಷ್ಟು ಚೆನ್ನಾಗಿ ಬಾಳುತ್ತಿದ್ದಾನೋ, ಅವನಿಗೆ ಸಾವು ಅಷ್ಟು ಹೆಚ್ಚು ನೋವು. ಬದುಕಿನ ಬೆಲೆ ಅವನ ಬಾಳಿಗೇ ಎಲ್ಲಕ್ಕಿಂತ ಹೆಚ್ಚು, ಅತಿ ದೊಡ್ಡ ಒಳಿತುಗಳನ್ನು ತಿಳಿದೂ ತಿಳಿದೂ ಕಳೆದುಕೊಳ್ಳುತ್ತಿದ್ದಾನೆ.

ಒಂಬತ್ತನೇ ಪುಸ್ತಕದಲ್ಲಿ ಅವನ ಉತ್ತರದ ಇನ್ನೊಂದು ತುಂಡು ಇದೆ. ಒಳ್ಳೆಯವನು ಹಲವು ವರ್ಷದ ಸಾಧಾರಣ ಬದುಕಿಗಿಂತ ಒಂದೇ ವರ್ಷದ ಉದಾತ್ತ ಬದುಕನ್ನು ಆರಿಸಿಕೊಳ್ಳುತ್ತಾನೆ. ಕೆಲಸದ ವಾದದ ಭಾಷೆಯಲ್ಲಿ ಹೇಳುವುದಾದರೆ, ಸಾಲು ಬಿಟ್ಟು ಓಡಿ ಉಳಿಸಿಕೊಂಡ ಬದುಕಿನಲ್ಲಿ ಭಯ ವಿವೇಚನೆಯನ್ನು ಆಳುತ್ತಿರುತ್ತದೆ, ಆ ಬದುಕು ಅವನು ನಡೆಸುತ್ತಿದ್ದ ಬದುಕೇ ಆಗಿರುವುದಿಲ್ಲ. ಇದರಿಂದ ಸಮಸ್ಯೆ ಪೂರ್ತಿ ಬಗೆಹರಿಯುತ್ತದೆ ಅಂತ ನಾನು ಹೇಳಲಾರೆ. ನಿಂತವನು ಸರಿಯಾದದ್ದನ್ನು ಆರಿಸಿಕೊಂಡ ಅನ್ನುವುದು ಒಪ್ಪಬೇಕಾದ ಮಾತು. ಅವನ ಬಾಳು ಅಪೂರ್ಣವಾಗಿ ಉಳಿಯಿತು ಅನ್ನುವುದೂ ಅಷ್ಟೇ ನಿಜ.

ಅಧ್ಯಾಯವನ್ನು ಅವನು ಮುಗಿಸುವ ರೀತಿಯೂ ಇದಕ್ಕೆ ತಕ್ಕ ಹಾಗಿದೆ. ಇಂಥವರೇ ಅತ್ಯುತ್ತಮ ಸೈನಿಕರು ಅಂತೇನೂ ಇಲ್ಲ ಅನ್ನುತ್ತಾನೆ. ಇವರಿಗಿಂತ ಧೈರ್ಯ ಕಡಿಮೆ ಇದ್ದು, ಬದುಕಿನಲ್ಲಿ ಬೇರೆ ಯಾವ ಒಳಿತೂ ಇಲ್ಲದವರು ಇನ್ನೂ ಒಳ್ಳೆಯ ಸೈನಿಕರಾಗಬಹುದು. ಅವರು ಅಪಾಯಕ್ಕೆ ಸದಾ ಸಿದ್ಧ, ಚಿಲ್ಲರೆ ಲಾಭಕ್ಕೆ ಜೀವವನ್ನೇ ಮಾರುತ್ತಾರೆ.